ಸಂಜೆ ಆರೂವರೆಗೆ ಬರುವ ಪರೀಕ್ಷೆಯ ಸಂದೇಶ

ಐದನೇ ತರಗತಿಗೆ ಜುಲೈನಲ್ಲಿ ಮೊದಲ ಎಫ್‌ಎ ಪರೀಕ್ಷೆ. ವೇಳಾಪಟ್ಟಿ ವಾರದ ಹಿಂದೆಯೇ ಮಕ್ಕಳ ಡೈರಿ ಸೇರಿರುತ್ತದೆ. ಆದರೂ ಹಿಂದಿನ ರಾತ್ರಿ ಹತ್ತಕ್ಕೆ ಪೋಷಕರ ಗುಂಪಿನಲ್ಲಿ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಮಿಸ್, ನಾಳೆ ಯಾವ ಸಬ್ಜೆಕ್ಟ್?’ ಅದಕ್ಕೇ ಕೆಲವು ಟೀಚರ್‌ಗಳು ಬಿಡುವಿದ್ದಾಗಲೇ ಸಂದೇಶ ಬರೆದು, ಅದು ಹಿಂದಿನ ಸಂಜೆ ತಾನಾಗಿ ಹೋಗುವಂತೆ ಸಮಯ ಹೊಂದಿಸಿ ಇಡುತ್ತಾರೆ.

ಸಂಜೆ ಆರೂವರೆಯೇ ಯಾಕೆ? ಕೆಲಸಕ್ಕೆ ಹೋದವರು ಮನೆ ಸೇರುವ ಹೊತ್ತು ಅದು. ಸ್ಟೇಷನರಿ ಅಂಗಡಿಯೂ ತೆರೆದಿರುತ್ತದೆ. ‘ಗಣಿತಕ್ಕೆ ಸ್ಕೇಲ್ ತರಬೇಕು’ ಎಂದು ರಾತ್ರಿ ಒಂಬತ್ತೂವರೆಗೆ ತಿಳಿಸಿದರೆ ಸ್ಕೇಲ್ ಸಿಗುವುದಿಲ್ಲ, ಬೈಗುಳ ಸಿಗುತ್ತದೆ. ಮಧ್ಯಾಹ್ನವೇ ಹಾಕಿದರೆ ಸಂಜೆಯೊಳಗೆ ಅದರ ಮೇಲೆ ಹುಟ್ಟುಹಬ್ಬದ ಶುಭಾಶಯಗಳ ರಾಶಿ ಬಿದ್ದಿರುತ್ತದೆ.

ಟೆಲಿಗ್ರಾಂನಲ್ಲಿ ಇದು ಸುಲಭ. ಸಂದೇಶ ಬರೆದ ಮೇಲೆ ಕಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ Schedule Message ಎಂದು ಕಾಣುತ್ತದೆ; ಅಲ್ಲಿ ದಿನ, ಗಂಟೆ ಆರಿಸಿದರಾಯಿತು. ಸಂದೇಶ ಅವರ ಸರ್ವರ್‌ನಲ್ಲಿ ಕುಳಿತಿರುವುದರಿಂದ ಆ ಹೊತ್ತಿಗೆ ಟೀಚರ್ ಫೋನ್ ಆಫ್ ಆಗಿದ್ದರೂ ಹೋಗುತ್ತದೆ. ವಾಟ್ಸ್ಆ್ಯಪ್ ಗುಂಪಿಗಾಗಿ ಕೆಲವರು ಹೊರಗಿನ ಆ್ಯಪ್ ಹಾಕಿಕೊಳ್ಳುತ್ತಾರೆ. ಅಂಥವು ಸಾಮಾನ್ಯವಾಗಿ ಫೋನಿನ ಪರದೆಯನ್ನು ಓದುವ ಅನುಮತಿ ಪಡೆದು, ನಮ್ಮ ಪರವಾಗಿ ಗುಂಡಿ ಒತ್ತುವಂಥವು. ಪರದೆ ಲಾಕ್ ಆಗಿದ್ದರೆ, ಬ್ಯಾಟರಿ ಉಳಿತಾಯ ಚಾಲೂ ಇದ್ದರೆ ಕೈಕೊಡುತ್ತವೆ. ಮಕ್ಕಳ ಮನೆಯವರ ನಂಬರುಗಳಿರುವ ಫೋನಿಗೆ ಅಂಥ ಅನುಮತಿ ಕೊಡುವುದಕ್ಕಿಂತ, ಸಂದೇಶವನ್ನು ನೋಟ್ಸ್‌ನಲ್ಲಿ ಬರೆದಿಟ್ಟು ಆರೂವರೆಗೆ ಅಲಾರಂ ಇಟ್ಟುಕೊಳ್ಳುವುದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ.

ಇನ್ನು ಒಕ್ಕಣೆ. ‘ಗೌರವಾನ್ವಿತ ಪೋಷಕರಿಗೆ ಶುಭ ಸಂಜೆ, ತಾವೆಲ್ಲರೂ ಕುಶಲವೆಂದು ಭಾವಿಸುತ್ತಾ...’ ಎಂದು ಶುರುಮಾಡಿದರೆ ಲಾಕ್ ಆದ ಪರದೆಯ ಮೇಲೆ ಕಾಣುವುದು ಅಷ್ಟೇ. ಪರೀಕ್ಷೆಯ ಸುದ್ದಿ ಒಳಗೇ ಉಳಿಯುತ್ತದೆ. ಇನ್ನೊಂದು ಕಡೆ ‘ಕಡ್ಡಾಯವಾಗಿ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಪೋಷಕರೇ ಹೊಣೆ’ ಎಂಬ ಕಚೇರಿ ಸುತ್ತೋಲೆಯ ಭಾಷೆ. ಅದನ್ನು ಓದಿದವರಿಗೆ ಮಗುವೇನೋ ತಪ್ಪು ಮಾಡಿದೆ ಅನಿಸುತ್ತದೆ. ಎರಡೂ ಬೇಡ ಎಂದರೆ ಹೀಗೆ ಬರೆಯಬಹುದು:

‘ಪೋಷಕರೇ ನಮಸ್ಕಾರ. ನಾಳೆ, ಜುಲೈ 22, ಮಂಗಳವಾರ, ಕನ್ನಡ ಪರೀಕ್ಷೆ. ಬೆಳಿಗ್ಗೆ 10.30ಕ್ಕೆ ಶುರು.
23, ಬುಧವಾರ: ಗಣಿತ (ಸ್ಕೇಲ್, ಪೆನ್ಸಿಲ್ ಬೇಕು)
24, ಗುರುವಾರ: ಪರಿಸರ ಅಧ್ಯಯನ
25, ಶುಕ್ರವಾರ: ಇಂಗ್ಲಿಷ್
ದಯವಿಟ್ಟು ಮಕ್ಕಳನ್ನು 10.15ರೊಳಗೆ ಕಳುಹಿಸಿಕೊಡಿ. ಹುಷಾರಿಲ್ಲದಿದ್ದರೆ ಬಲವಂತ ಬೇಡ, ನನಗೊಂದು ಮಾತು ತಿಳಿಸಿ. ವಂದನೆಗಳು.’

ವಿನಯವೆಲ್ಲ ಕೊನೆಯ ಸಾಲುಗಳಲ್ಲಿದೆ; ಮೇಲೆ ಒಂದು ನಮಸ್ಕಾರ ಸಾಕು. ನೋಟಿಸ್ ಬೋರ್ಡಿನ ಫೋಟೊ ಹಾಕದೆ ಅಕ್ಷರದಲ್ಲೇ ಟೈಪ್ ಮಾಡಿದರೆ ಇನ್ನೊಂದು ಅನುಕೂಲ: ಓದಲು ಬಾರದ ಅಜ್ಜಿಯೂ ಫೋನಿನಿಂದಲೇ ಓದಿಸಿಕೊಳ್ಳಬಹುದು, ಫಾರ್ವರ್ಡ್ ಆಗುತ್ತಾ ಮಸುಕಾಗುವ ಭಯವೂ ಇಲ್ಲ.

‘ನಾಳೆ’ಯ ಪಕ್ಕದಲ್ಲೇ ದಿನಾಂಕ, ವಾರ ಎರಡೂ ಇರುವುದಕ್ಕೆ ಕಾರಣವಿದೆ. ಶನಿವಾರ ಕುಳಿತು ಬರೆಯುವವರ ತಲೆಯಲ್ಲಿ ನಾಳೆ ಎಂದರೆ ಭಾನುವಾರ. ಸಂದೇಶ ತಲುಪುವುದು ಸೋಮವಾರ ಸಂಜೆ. ಅದನ್ನು ಮಂಗಳವಾರ ಬೆಳಿಗ್ಗೆ ಎದ್ದು ನೋಡುವವರಿಗೆ ನಾಳೆ ಎಂದರೆ ಬುಧವಾರ, ಅಂದರೆ ಗಣಿತ. ದಿನಾಂಕಕ್ಕೂ ವಾರಕ್ಕೂ ಹೊಂದದಿದ್ದರಂತೂ ಗುಂಪಿನಲ್ಲಿ ಚರ್ಚೆ ಶುರುವಾಗುತ್ತದೆ. ಕಳೆದ ವರ್ಷದ ಸಂದೇಶವನ್ನೇ ತಿದ್ದಿ ಬಳಸುವಾಗ ಈ ತಪ್ಪು ನುಸುಳುವುದೇ ಹೆಚ್ಚು. ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ನೋಡಿದರೆ ಸಿಕ್ಕಿಬೀಳುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಮಳೆಯದ್ದು. ಕರಾವಳಿ, ಮಲೆನಾಡಿನಲ್ಲಿ ಜುಲೈ ಎಂದರೆ ರಜೆಯ ತಿಂಗಳೂ ಹೌದು. ಸೋಮವಾರ ಸಂಜೆ ಐದೂವರೆಗೆ ಜಿಲ್ಲಾಧಿಕಾರಿಗಳು ಮರುದಿನ ಶಾಲೆಗಳಿಗೆ ರಜೆ ಘೋಷಿಸಿದರು ಎನ್ನಿ. ಹೊಂದಿಸಿಟ್ಟ ಸಂದೇಶಕ್ಕೆ ಅದು ಗೊತ್ತಿಲ್ಲ. ರಜೆಯ ಸುದ್ದಿ ಬಂದ ಒಂದು ಗಂಟೆಗೆ ಸರಿಯಾಗಿ ‘ನಾಳೆ ಕನ್ನಡ ಪರೀಕ್ಷೆ’ ಎಂದು ಟೀಚರ್ ಹೆಸರಿನಲ್ಲಿ ಬಂದರೆ, ಯಾವುದನ್ನು ನಂಬುವುದು? ಹಾಗಾಗಿ ಹೊಂದಿಸಿಟ್ಟವರು ಆರು ಗಂಟೆಗೆ ಒಮ್ಮೆ ಗುಂಪು ತೆರೆಯಬೇಕು. ಟೆಲಿಗ್ರಾಂನಲ್ಲಿ ಬರೆಯುವ ಜಾಗದ ಪಕ್ಕದ ಚಿಕ್ಕ ಕ್ಯಾಲೆಂಡರ್ ಗುರುತು ಮುಟ್ಟಿದರೆ ಕಾದಿರುವ ಸಂದೇಶ ಸಿಗುತ್ತದೆ. ಅಲ್ಲೇ ತಿದ್ದಬಹುದು, ಅಳಿಸಲೂಬಹುದು. ಅಳಿಸಿದ ಮೇಲೆ ಹೊಸ ದಿನಾಂಕವನ್ನು ಊಹಿಸಿ ಬರೆಯುವ ಆತುರ ಬೇಡ. ‘ನಾಳೆ ರಜೆ ಇರುವುದರಿಂದ ಕನ್ನಡ ಪರೀಕ್ಷೆ ಇಲ್ಲ. ಯಾವ ದಿನ ಎಂದು ಹೆಡ್‌ಮಾಸ್ಟರ್ ಹೇಳಿದ ಕೂಡಲೇ ತಿಳಿಸುತ್ತೇನೆ. ಬುಧವಾರದ ಗಣಿತಕ್ಕೆ ಸದ್ಯಕ್ಕೆ ಬದಲಾವಣೆ ಇಲ್ಲ’ ಎಂದರೆ ಆ ಸಂಜೆಗೆ ಬೇಕಾದಷ್ಟು ಹೇಳಿದಂತಾಯಿತು.