ಸೆನ್ಸರ್‌ನಿಂದ ಪಿಎಲ್‌ಸಿವರೆಗೆ: ಒಂದು ವೈರಿನ ಜಾಡು

ಬಾಟಲಿ ತುಂಬುವ ಯಂತ್ರದ ಬೆಲ್ಟು ನಿಂತಿದೆ ಎಂದುಕೊಳ್ಳಿ. ಸೆನ್ಸರ್ ಎದುರು ಬಾಟಲಿ ಇದೆ, ಸೆನ್ಸರ್ ಮೇಲಿನ ಪುಟ್ಟ ದೀಪವೂ ಉರಿಯುತ್ತಿದೆ. ಆದರೂ ಪಿಎಲ್‌ಸಿಗೆ ಬಾಟಲಿ ಬಂದದ್ದೇ ಗೊತ್ತಾಗಿಲ್ಲ. ಪ್ಯಾನೆಲ್ ಬಾಗಿಲು ತೆರೆದರೆ ಒಳಗೆ ನೂರಾರು ವೈರು. ಹೊಸಬರು ಒಂದೊಂದನ್ನೇ ಎಳೆದು ನೋಡತೊಡಗುತ್ತಾರೆ. ಆ ಕೆಲಸ ಬೇಡ, ಡ್ರಾಯಿಂಗ್ ತೆಗೆಯಿರಿ.

ಸೆನ್ಸರ್‌ಗೆ ಅಂಟಿಸಿದ ಚೀಟಿಯಲ್ಲಿ -B3 ಎಂದಿದೆ. ಡ್ರಾಯಿಂಗ್‌ನ ಸಲಕರಣೆ ಪಟ್ಟಿಯಲ್ಲಿ ಅದರ ಮುಂದೆ /12.5 ಎಂದಿದ್ದರೆ 12ನೇ ಪುಟ, 5ನೇ ಕಾಲಂ ಎಂದರ್ಥ. ಕಾಲಂ ಸಂಖ್ಯೆಗಳು ಪುಟದ ಮೇಲಂಚಿನಲ್ಲಿರುತ್ತವೆ. ಅಲ್ಲಿ ಸೆನ್ಸರ್‌ನಿಂದ ಮೂರು ವೈರು ಹೊರಟಿವೆ: ಕಂದು 24 ವೋಲ್ಟ್, ನೀಲಿ ಸೊನ್ನೆ ವೋಲ್ಟ್, ಕಪ್ಪು ಸಿಗ್ನಲ್. ನಮಗೆ ಬೇಕಾದದ್ದು ಕಪ್ಪು. ಅದು X2:14ಕ್ಕೆ, ಅಂದರೆ X2 ಟರ್ಮಿನಲ್ ಸಾಲಿನ 14ನೇ ಟರ್ಮಿನಲ್‌ಗೆ ಬಂದು, ಅಲ್ಲಿಂದ ಮುಂದೆ /20.6 ಎಂಬ ಬಾಣದಲ್ಲಿ ಮುಗಿಯುತ್ತದೆ. 20ನೇ ಪುಟದಲ್ಲಿ ಅದೇ ಗೆರೆ ಮತ್ತೆ ಶುರು, ಪಕ್ಕದಲ್ಲಿ /12.5 ಎಂಬ ವಾಪಸು ಬಾಣ. ಎರಡೂ ಬಾಣ ಒಂದನ್ನೊಂದು ತೋರಿಸದಿದ್ದರೆ, ಯಾರೋ ಡ್ರಾಯಿಂಗನ್ನು ಅರ್ಧ ತಿದ್ದಿ ಬಿಟ್ಟಿದ್ದಾರೆ ಎಂದು ಅನುಮಾನಿಸಿ.

ಆ ಪುಟದಲ್ಲಿರುವುದು ಸೀಮೆನ್ಸ್ ಎಸ್7-300ರ 16 ಇನ್‌ಪುಟ್‌ಗಳ ಕಾರ್ಡ್, ಐದನೇ ಸ್ಲಾಟ್‌ನಲ್ಲಿ. ವೈರು ಕಾರ್ಡಿನ 7ನೇ ಟರ್ಮಿನಲ್‌ಗೆ ಹೋಗಿದೆ. ಆದರೆ ವಿಳಾಸ ಮಾತ್ರ I4.5. ಹೆಚ್ಚಿನವರು ತಬ್ಬಿಬ್ಬಾಗುವುದು ಇಲ್ಲೇ. ಕಾರ್ಡಿನ ಇನ್‌ಪುಟ್‌ಗಳು 2ನೇ ಟರ್ಮಿನಲ್‌ನಿಂದ ಶುರುವಾಗುತ್ತವೆ, ಬಿಟ್‌ಗಳ ಎಣಿಕೆ ಸೊನ್ನೆಯಿಂದ. ಹಾಗಾಗಿ 7ನೆಯದಕ್ಕೆ ಸಿಗುವುದು ಬಿಟ್ 5. ಚುಕ್ಕೆಯ ಹಿಂದಿನ 4 ಬರುವುದು ಸ್ಲಾಟ್‌ನಿಂದ: ಮೊದಲ ಕಾರ್ಡ್ ಕೂರುವ ನಾಲ್ಕನೇ ಸ್ಲಾಟ್ ಸೊನ್ನೆಯಿಂದ ನಾಲ್ಕು ಬೈಟ್ ಕಾದಿರಿಸಿಕೊಳ್ಳುತ್ತದೆ, ಐದನೆಯದು 4ರಿಂದ ಆರಂಭಿಸುತ್ತದೆ. ಒಂದು ಬೈಟ್‌ಗೆ ಎಂಟೇ ಬಿಟ್, ಆದ್ದರಿಂದ I4.7 ಆದ ಮೇಲೆ I5.0. ನಮ್ಮ ದಿನನಿತ್ಯದ ಎಣಿಕೆಯಂತೆ I4.8 ಹುಡುಕುತ್ತಾ ಕೂತರೆ ಸಂಜೆಯಾದೀತು.

ಇನ್ನು ಮಲ್ಟಿಮೀಟರ್. ಅದೇ ಪ್ಯಾನೆಲ್‌ನಲ್ಲಿ ಮೋಟಾರಿನ 415 ವೋಲ್ಟ್ ಕೂಡ ಇರುತ್ತದೆ. ಕಲಿಯುವವರು ಒಬ್ಬರೇ ಮೀಟರ್ ಹಚ್ಚಬಾರದು. ಕಪ್ಪು ಕಡ್ಡಿ ಸೊನ್ನೆ ವೋಲ್ಟ್‌ಗೆ, ಕೆಂಪು ಕಡ್ಡಿ X2:14ಕ್ಕೆ. ಸೆನ್ಸರ್ ಕಡೆಯಿಂದ ವೈರು ಬರುವ ಬದಿಯಲ್ಲಿ 24 ವೋಲ್ಟ್ ಸಿಕ್ಕಿ, ಕಾರ್ಡಿನ ಕಡೆಗೆ ಹೊರಡುವ ಬದಿಯಲ್ಲಿ ಸೊನ್ನೆ ಬಂದರೆ ದೋಷ ಆ ಟರ್ಮಿನಲ್‌ನಲ್ಲೇ ಇದೆ. ಸ್ಕ್ರೂ ತಾಮ್ರದ ಬದಲು ವೈರಿನ ಪ್ಲಾಸ್ಟಿಕ್ ಹೊದಿಕೆಯನ್ನು ಕಚ್ಚಿಕೊಂಡಿರುವುದು ಇಲ್ಲಿ ತೀರಾ ಮಾಮೂಲು. ಎರಡೂ ಬದಿಯಲ್ಲಿ 24 ಇದ್ದರೆ ಕಾರ್ಡಿನ 7ನೇ ಟರ್ಮಿನಲ್ ಅಳೆಯಿರಿ. ಈ ಕಾರ್ಡ್ 13 ವೋಲ್ಟ್‌ಗಿಂತ ಹೆಚ್ಚಿದ್ದರೆ ಆನ್ ಎಂದೂ 5ಕ್ಕಿಂತ ಕಡಿಮೆಯಿದ್ದರೆ ಆಫ್ ಎಂದೂ ಓದುತ್ತದೆ. ನಡುವಿನ ವೋಲ್ಟೇಜ್‌ಗೆ ಏನು ಓದೀತೆಂಬ ಖಾತರಿಯಿಲ್ಲ.

ಕಾರ್ಡಿನ ಆ ಇನ್‌ಪುಟ್‌ನ ಹಸಿರು ದೀಪ ಉರಿಯುತ್ತಿದ್ದೂ ಲ್ಯಾಪ್‌ಟಾಪ್‌ನಲ್ಲಿ I4.5 ಸೊನ್ನೆ ತೋರಿಸಿದರೆ ವೈರುಗಳನ್ನು ಬಿಟ್ಟುಬಿಡಿ. ಪ್ರೋಗ್ರಾಮ್‌ನ ಹಾರ್ಡ್‌ವೇರ್ ಪುಟದಲ್ಲಿ ಆ ಕಾರ್ಡಿಗೆ ಯಾರಾದರೂ ಬೇರೆ ಆರಂಭದ ವಿಳಾಸ ಕೊಟ್ಟಿದ್ದಾರೆಯೇ ನೋಡಿ.