ಸಾಮೂಹಿಕ ಸಂದೇಶ ರವಾನೆ: ವೇಗಮಿತಿ ಮತ್ತು ಮರುಪ್ರಯತ್ನದ ಕ್ರಮ

ತಿಂಗಳ ಕೊನೆಯಲ್ಲಿ 6,000 ಗ್ರಾಹಕರಿಗೆ ಬಾಕಿ ಪಾವತಿಯ ಎಸ್ಸೆಮ್ಮೆಸ್ ಕಳುಹಿಸುವ ಒಂದು ಸಗಟು ವ್ಯಾಪಾರ ಸಂಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸಂದೇಶ ಸೇವೆ ಒದಗಿಸುವ ಕಂಪನಿಯು ಸೆಕೆಂಡಿಗೆ 20 ಸಂದೇಶಗಳ ಮಿತಿಯನ್ನು ವಿಧಿಸಿದೆ. ಸಂಸ್ಥೆಯ ತಂತ್ರಾಂಶವು ಸೆಕೆಂಡಿಗೆ 100ರಂತೆ ಕಳುಹಿಸಿದರೆ ಒಂದು ನಿಮಿಷದಲ್ಲಿ 1,200 ಸಂದೇಶಗಳು ಮಾತ್ರ ಸ್ವೀಕೃತವಾಗುತ್ತವೆ. ಉಳಿದ 4,800ಕ್ಕೆ `429 Too Many Requests` ಎಂಬ ಉತ್ತರ ಬರುತ್ತದೆ. ತಂತ್ರಾಂಶವು ಈ ಉತ್ತರವನ್ನು ಗಮನಿಸದೆ ಎಲ್ಲವನ್ನೂ 'ಕಳುಹಿಸಲಾಗಿದೆ' ಎಂದು ದಾಖಲಿಸಿಕೊಂಡರೆ, ಬಾಕಿ ಏಕೆ ವಸೂಲಾಗಲಿಲ್ಲವೆಂಬುದು ಮಾಲೀಕರಿಗೆ ತಿಳಿಯುವುದೇ ಇಲ್ಲ. ಚೆಕ್ ಬರೆದುಕೊಟ್ಟ ಮಾತ್ರಕ್ಕೆ ಅದು ನಗದಾಯಿತೆಂದು ಭಾವಿಸಿದಂತೆಯೇ ಇದು.

ನಿರಾಕೃತವಾದುದನ್ನು ಮರುಕ್ಷಣವೇ ಮತ್ತೆ ಕಳುಹಿಸುವುದು ಇದಕ್ಕೆ ಪರಿಹಾರವಲ್ಲ. ಕೆಲವು ಸೇವೆಗಳು ನಿರಾಕರಿಸಿದ ಕೋರಿಕೆಗಳನ್ನೂ ಮಿತಿಯ ಲೆಕ್ಕಕ್ಕೆ ಸೇರಿಸುತ್ತವೆ; ಹಟ ಹಿಡಿದಷ್ಟೂ ಬಾಗಿಲು ಮುಚ್ಚಿಯೇ ಇರುತ್ತದೆ. ಮಿತಿಯು ಮೊದಲೇ ತಿಳಿದಿರುವುದರಿಂದ ಸೆಕೆಂಡಿಗೆ 18ರಂತೆ ಸರದಿಯಲ್ಲಿ ಬಿಡುವುದೇ ಸರಿಯಾದ ಮೊದಲ ಕ್ರಮ. ಆಗ ಇಡೀ ಕೆಲಸವು ಆರು ನಿಮಿಷಗಳೊಳಗೆ ಮುಗಿಯುತ್ತದೆ.

ಹೀಗಿದ್ದರೂ ಕೆಲವು ಸಂದೇಶಗಳು ಹಿಂದಿರುಗಬಹುದು. ಅಂತಹವುಗಳಿಗೆ ಕಾಯುವ ಅವಧಿಯನ್ನು ಪ್ರತಿ ಸಲವೂ ಇಮ್ಮಡಿಗೊಳಿಸಬೇಕು: 1, 2, 4, 8, 16, 32 ಸೆಕೆಂಡುಗಳು. ಆರು ಪ್ರಯತ್ನಗಳಿಗೆ ಒಟ್ಟು 63 ಸೆಕೆಂಡುಗಳಾಗುತ್ತವೆ. ಆದರೆ ಒಟ್ಟಿಗೆ ನಿರಾಕೃತವಾದ 500 ಸಂದೇಶಗಳು ಸರಿಯಾಗಿ ನಾಲ್ಕನೆಯ ಸೆಕೆಂಡಿಗೇ ಮರಳಿದರೆ ಅದೇ ನೂಕುನುಗ್ಗಲು ಮರುಕಳಿಸುತ್ತದೆ. ಆದ್ದರಿಂದ ನಾಲ್ಕು ಸೆಕೆಂಡಿನ ಸರದಿಯಲ್ಲಿ ಪ್ರತಿಯೊಂದು ಸಂದೇಶವೂ ಸೊನ್ನೆಯಿಂದ ನಾಲ್ಕರ ನಡುವೆ ಯಾದೃಚ್ಛಿಕವಾದ ಒಂದು ಅವಧಿಯನ್ನು ಆರಿಸಿಕೊಳ್ಳುವಂತೆ ಮಾಡಬೇಕು. ಉತ್ತರದಲ್ಲಿ `Retry-After: 30` ಎಂದಿದ್ದರೆ ಕನಿಷ್ಠ 30 ಸೆಕೆಂಡು ಕಾಯಲೇಬೇಕು. ಅಲ್ಲಿ ಸ್ವಂತ ಲೆಕ್ಕಾಚಾರ ಸಲ್ಲದು.

ಎಲ್ಲ ನಿರಾಕರಣೆಗಳೂ ಕಾಯುವುದರಿಂದ ಸರಿಹೋಗುವುದಿಲ್ಲ. ಮೊಬೈಲ್ ಸಂಖ್ಯೆ ತಪ್ಪಾಗಿದ್ದರೆ, ಅಥವಾ ಟ್ರಾಯ್‌ನ 2018ರ ನಿಯಮಾವಳಿಯಂತೆ ಸಂದೇಶದ ಮಾದರಿಯು ನೋಂದಣಿಯಾಗಿರದಿದ್ದರೆ ನೂರು ಸಲ ಕಳುಹಿಸಿದರೂ ಫಲ ಒಂದೇ. ಅವುಗಳನ್ನು ಪ್ರತ್ಯೇಕ ಪಟ್ಟಿಗೆ ಸೇರಿಸಿ ಗುಮಾಸ್ತರ ಪರಿಶೀಲನೆಗೆ ಒಪ್ಪಿಸುವುದು ಉಚಿತ.

ಹೆಚ್ಚು ಮುಜುಗರ ತರುವುದು ಉತ್ತರವೇ ಬಾರದ ಸಂದರ್ಭ. ಸೇವೆಯು ಸಂದೇಶವನ್ನು ಸ್ವೀಕರಿಸಿದ್ದು, ಉತ್ತರವು ಮಾತ್ರ ನಡುದಾರಿಯಲ್ಲಿ ಕಳೆದುಹೋಗಿರಬಹುದು. ಆಗ ಮರುಪ್ರಯತ್ನಿಸಿದರೆ ಹಳೆಯ ಗ್ರಾಹಕರೊಬ್ಬರಿಗೆ ಒಂದೇ ಬಾಕಿಯ ತಗಾದೆ ಮೂರು ಸಲ ತಲುಪೀತು. ಮೂರು ಸಂದೇಶಗಳ ಶುಲ್ಕವೂ ಬಿದ್ದೀತು. ಬಿಲ್ ಸಂಖ್ಯೆ ಮತ್ತು ದಿನಾಂಕಗಳಿಂದ ರಚಿಸಿದ ಒಂದೇ ಉಲ್ಲೇಖ ಸಂಖ್ಯೆಯನ್ನು ಪ್ರತಿ ಪ್ರಯತ್ನದಲ್ಲಿಯೂ ಕಳುಹಿಸಿದರೆ, ಆ ಸೌಲಭ್ಯವುಳ್ಳ ಸೇವೆಯು ಎರಡನೆಯದನ್ನು ಕೈಬಿಡುತ್ತದೆ. ಸೌಲಭ್ಯವಿಲ್ಲದಿದ್ದಲ್ಲಿ, ಮತ್ತೆ ಕಳುಹಿಸುವ ಮೊದಲು ತಲುಪಿದ ಸಂದೇಶಗಳ ವರದಿಯನ್ನು ತಾಳೆ ನೋಡಬೇಕಾಗುತ್ತದೆ.