ಎಣಿಸದೆಯೇ ಸಮ-ಬೆಸ ಅರಿಯುವ ಯಂತ್ರ

ಮಹಡಿಯ ಮನೆಗಳಲ್ಲಿ ಮೆಟ್ಟಿಲ ಬುಡದಲ್ಲೊಂದು, ತುದಿಯಲ್ಲೊಂದು ಸ್ವಿಚ್ಚನ್ನಿರಿಸಿ, ಎರಡಕ್ಕೂ ಸೇರಿ ಒಂದೇ ದೀಪವನ್ನು ಜೋಡಿಸಿರುವುದನ್ನು ವಾಚಕರು ನೋಡಿರಬಹುದು. ಯಾವ ಸ್ವಿಚ್ಚನ್ನು ಒತ್ತಿದರೂ ಆರಿದ ದೀಪ ಹೊತ್ತಿಕೊಳ್ಳುತ್ತದೆ. ಹೊತ್ತಿದ ದೀಪ ಆರುತ್ತದೆ. ಬೆಳಿಗ್ಗೆ ದೀಪ ಆರಿತ್ತೆಂದು ಭಾವಿಸೋಣ. ದಿನವೆಲ್ಲ ಮನೆಯವರು ಹತ್ತಿ ಇಳಿದು ಎಷ್ಟು ಬಾರಿ ಸ್ವಿಚ್ಚುಗಳನ್ನು ಒತ್ತಿದರೋ ಯಾರೂ ಲೆಕ್ಕವಿಟ್ಟಿಲ್ಲ. ಆದರೂ ರಾತ್ರಿ ದೀಪದ ಕಡೆಗೆ ಒಮ್ಮೆ ನೋಡಿದರೆ ಸಾಕು. ದೀಪ ಆರಿದ್ದರೆ ಒತ್ತಿದ ಸಂಖ್ಯೆ ಸಮ, ಉರಿಯುತ್ತಿದ್ದರೆ ಬೆಸ. ಹತ್ತು ಬಾರಿಯೋ ನೂರು ಬಾರಿಯೋ ಎಂದು ಕೇಳಿದರೆ ದೀಪ ಹೇಳಲಾರದು. ಆದರೆ ಸಮವೋ ಬೆಸವೋ ಎಂಬುದನ್ನು ಅದು ಎಂದೂ ತಪ್ಪಿ ಹೇಳುವುದಿಲ್ಲ.

ಈ ದೀಪದ ಹಿಂದೆ ಅಡಗಿರುವ ಯಂತ್ರವನ್ನು ನಾವು ಇಂದು ನಮ್ಮ ಕೈಯಿಂದಲೇ ರಚಿಸಿ ನೋಡೋಣ. ಸಮಸ್ಯೆ ಇಷ್ಟು: 0 ಮತ್ತು 1 ಎಂಬ ಎರಡೇ ಅಂಕಿಗಳಿಂದಾದ ಒಂದು ಸಾಲು ಯಂತ್ರದ ಮುಂದೆ ಒಂದೊಂದೇ ಅಂಕಿಯಾಗಿ ಹಾದುಹೋಗುತ್ತದೆ. ಕಳೆದುಹೋದ ಅಂಕಿಯನ್ನು ಯಂತ್ರ ಮತ್ತೆ ನೋಡುವಂತಿಲ್ಲ. ಸಾಲು ಮುಗಿದಾಗ ಅದರಲ್ಲಿದ್ದ 1ಗಳ ಸಂಖ್ಯೆ ಸಮವಾಗಿದ್ದರೆ ಯಂತ್ರವು ಸಾಲನ್ನು ಅಂಗೀಕರಿಸಬೇಕು; ಬೆಸವಾಗಿದ್ದರೆ ತಿರಸ್ಕರಿಸಬೇಕು.

ಸ್ಥಿತಿಗಳ ಆಯ್ಕೆ

ಈ ಸಮಸ್ಯೆಯನ್ನು ಮೊದಲ ಬಾರಿ ಎದುರಿಸಿದವರು ಸಾಮಾನ್ಯವಾಗಿ ಎಣಿಸಲು ತೊಡಗುತ್ತಾರೆ. ಒಂದೂ 1 ಬಾರದ ಸ್ಥಿತಿ, ಒಂದು ಬಂದ ಸ್ಥಿತಿ, ಎರಡು ಬಂದ ಸ್ಥಿತಿ, ಮೂರು ಬಂದ ಸ್ಥಿತಿ ಎಂದು ಕಾಗದದ ಮೇಲೆ ವೃತ್ತಗಳನ್ನು ಬರೆಯುತ್ತ ಹೋಗುತ್ತಾರೆ. ಸಾಲಿನ ಉದ್ದಕ್ಕೆ ಮಿತಿಯಿಲ್ಲವಾದುದರಿಂದ ಈ ವೃತ್ತಗಳಿಗೂ ಕೊನೆಯಿಲ್ಲ. ನಮ್ಮ ಯಂತ್ರವಾದರೋ ಪರಿಮಿತವಾದುದು. ಅದಕ್ಕೆ ಇಷ್ಟೇ ಎಂದು ಗೊತ್ತಾದ ಸಂಖ್ಯೆಯ ಸ್ಥಿತಿಗಳಿವೆ, ಅವುಗಳ ಹೊರತು ಬೇರೆ ನೆನಪಿಲ್ಲ. ಇಂತಹ ಯಂತ್ರಕ್ಕೆ ಫೈನೈಟ್ ಆಟೊಮೇಟನ್ ಎಂದು ಹೆಸರು. ಇದನ್ನು ಗಣಿತದ ಕಟ್ಟುನಿಟ್ಟಿನಿಂದ ಪರಿಶೀಲಿಸಿದವರಲ್ಲಿ ಮೈಕಲ್ ರೇಬಿನ್ ಮತ್ತು ಡೇನಾ ಸ್ಕಾಟ್ ಪ್ರಮುಖರು. 1959ರಲ್ಲಿ ಅವರು ಪ್ರಕಟಿಸಿದ ಲೇಖನಕ್ಕಾಗಿ 1976ರಲ್ಲಿ ಅವರಿಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ, ಇದುವರೆಗೆ ಏನೇನು ನಡೆಯಿತು ಎಂಬುದಲ್ಲ. ನಡೆದುದರಲ್ಲಿ ಮುಂದಿನ ಉತ್ತರಕ್ಕೆ ಬೇಕಾದುದು ಯಾವುದು ಎಂಬುದು. ಇದುವರೆಗೆ ನಾಲ್ಕು 1ಗಳು ಬಂದಿರಲಿ, ನಲವತ್ತು ಬಂದಿರಲಿ. ಮುಂದೆ ಯಾವುದೇ ಸಾಲು ಬಂದರೂ ಈ ಎರಡು ಸಂದರ್ಭಗಳಲ್ಲಿ ಕೊನೆಯ ಉತ್ತರ ಒಂದೇ ಆಗುತ್ತದೆ. ಆದುದರಿಂದ ಇವೆರಡನ್ನೂ ಬೇರೆಬೇರೆಯಾಗಿ ನೆನಪಿಡುವುದು ವ್ಯರ್ಥ. ಸಮ ಸಂಖ್ಯೆಗಳೆಲ್ಲವೂ ಒಂದು ಸ್ಥಿತಿಯಲ್ಲಿ ಸೇರಬಹುದು. ಬೆಸ ಸಂಖ್ಯೆಗಳೆಲ್ಲವೂ ಇನ್ನೊಂದರಲ್ಲಿ. ಕೊನೆಯಿಲ್ಲದ ವೃತ್ತಗಳ ಸಾಲು ಹೀಗೆ ಎರಡೇ ವೃತ್ತಗಳಿಗೆ ಇಳಿಯಿತು. ಒಂದಕ್ಕೆ 'ಸಮ' ಎಂದೂ ಇನ್ನೊಂದಕ್ಕೆ 'ಬೆಸ' ಎಂದೂ ಹೆಸರಿಡೋಣ.

ಇನ್ನು ನಿಯಮಗಳು. ಎರಡು ಸ್ಥಿತಿಗಳಲ್ಲಿಯೂ ಎರಡೆರಡು ಅಂಕಿಗಳು ಬರಬಹುದಾದುದರಿಂದ ಒಟ್ಟು ನಾಲ್ಕು ನಿಯಮಗಳು ಬೇಕು. 'ಸಮ'ದಲ್ಲಿರುವಾಗ 0 ಬಂದರೆ ಅಲ್ಲಿಯೇ ನಿಲ್ಲಬೇಕು. 1 ಬಂದರೆ 'ಬೆಸ'ಕ್ಕೆ ಹೋಗಬೇಕು. 'ಬೆಸ'ದಲ್ಲಿರುವಾಗ 0 ಬಂದರೆ ಅಲ್ಲಿಯೇ ನಿಲ್ಲಬೇಕು; 1 ಬಂದರೆ 'ಸಮ'ಕ್ಕೆ ಮರಳಬೇಕು. ಆರಂಭದ ಸ್ಥಿತಿ 'ಸಮ'. ಅಂಗೀಕಾರದ ಸ್ಥಿತಿಯೂ 'ಸಮ'ವೇ. ಯಂತ್ರ ಪೂರ್ಣವಾಯಿತು.

ಎಲ್ಲಿ ತಪ್ಪುತ್ತದೆ?

ಇಷ್ಟು ಸಣ್ಣ ಯಂತ್ರದಲ್ಲಿಯೂ ಎಡವುವ ಎಡೆಗಳು ಎರಡಿವೆ. ಮೊದಲನೆಯದು, 0 ಬಂದಾಗಲೂ ಸ್ಥಿತಿಯನ್ನು ಬದಲಾಯಿಸಿಬಿಡುವುದು. ಹಾಗೆ ಮಾಡಿದರೆ ಯಂತ್ರವು 1ಗಳನ್ನು ಬಿಟ್ಟು ಇಡೀ ಸಾಲಿನ ಉದ್ದವನ್ನೇ ಸಮವೋ ಬೆಸವೋ ಎಂದು ಪರೀಕ್ಷಿಸತೊಡಗುತ್ತದೆ. 11 ಎಂಬ ಸಾಲನ್ನು ಕೊಟ್ಟರೆ ಈ ತಪ್ಪು ಹೊರಬೀಳುವುದಿಲ್ಲ. 101 ಎಂಬುದನ್ನು ಕೊಟ್ಟಾಗ, ಅದರಲ್ಲಿ ಎರಡೇ 1ಗಳಿದ್ದರೂ, ಯಂತ್ರ ಅದನ್ನು ತಿರಸ್ಕರಿಸಿ ತನ್ನ ದೋಷವನ್ನು ತಾನೇ ತೋರಿಸಿಕೊಡುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಏನೂ ಬಾರದಿರುವಾಗ ಅಂಗೀಕರಿಸುವುದೇನು ಎಂದು ಶಂಕಿಸಿ, ಕೆಲವರು ಆರಂಭಕ್ಕೆಂದೇ ಅಂಗೀಕಾರವಿಲ್ಲದ ಮೂರನೆಯ ಸ್ಥಿತಿಯೊಂದನ್ನು ಇಡುತ್ತಾರೆ. ಆದರೆ ಒಂದು ಅಂಕಿಯೂ ಇಲ್ಲದ ಬರಿದಾದ ಸಾಲಿನಲ್ಲಿ 1ಗಳ ಸಂಖ್ಯೆ ಸೊನ್ನೆ. ಸೊನ್ನೆಯನ್ನು ಎರಡರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಆದುದರಿಂದ ಸೊನ್ನೆಯೂ ಸಮಸಂಖ್ಯೆಯೇ. 000 ಎಂಬ ಸಾಲಿನ ವಿಷಯವೂ ಹೀಗೆಯೇ.

ಕೆಲವು ಸಾಲುಗಳಲ್ಲಿ ಸರಿ ಬಂದ ಮಾತ್ರಕ್ಕೆ ಯಂತ್ರ ಎಲ್ಲ ಸಾಲುಗಳಲ್ಲಿಯೂ ಸರಿಯೆಂದು ನಂಬುವುದು ಹೇಗೆ? ಯಂತ್ರವು 'ಸಮ'ದಲ್ಲಿದ್ದರೆ ಇದುವರೆಗೆ ಬಂದ 1ಗಳು ಸಮ, 'ಬೆಸ'ದಲ್ಲಿದ್ದರೆ ಬೆಸ ಎಂಬುದು ನಮ್ಮ ಪ್ರತಿಜ್ಞೆ. ಆರಂಭದಲ್ಲಿ ಅದು ನಿಜ. ಒಂದು ಗಳಿಗೆಯಲ್ಲಿ ನಿಜವಾಗಿದ್ದರೆ ಮುಂದಿನ ಅಂಕಿಯ ನಂತರವೂ ನಿಜವೇ. ಏಕೆಂದರೆ 0 ಬಂದರೆ ಎಣಿಕೆಯೂ ಬದಲಾಗದು, ಸ್ಥಿತಿಯೂ ಬದಲಾಗದು. 1 ಬಂದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಆದುದರಿಂದ ಎಷ್ಟು ಉದ್ದದ ಸಾಲಿಗೂ ಪ್ರತಿಜ್ಞೆ ಉಳಿಯುತ್ತದೆ.

ಒಂದೇ ಸ್ಥಿತಿಯಿಂದ ಈ ಕೆಲಸ ಸಾಗದೆ? ಸಾಗದು. ಒಂದೇ ಸ್ಥಿತಿಯಿರುವ ಯಂತ್ರ ಬರಿದಾದ ಸಾಲಿನ ನಂತರವೂ, 1 ಎಂಬ ಸಾಲಿನ ನಂತರವೂ ಅದೇ ಸ್ಥಿತಿಯಲ್ಲಿರುವುದರಿಂದ ಎರಡಕ್ಕೂ ಒಂದೇ ಉತ್ತರವನ್ನು ಕೊಡಬೇಕಾಗುತ್ತದೆ. ಇವುಗಳಲ್ಲಿ ಒಂದನ್ನು ಅಂಗೀಕರಿಸಬೇಕು, ಇನ್ನೊಂದನ್ನು ತಿರಸ್ಕರಿಸಬೇಕು. ಆದುದರಿಂದ ಎರಡು ಸ್ಥಿತಿಗಳು ಸಾಕು ಮಾತ್ರವಲ್ಲ, ಎರಡು ಬೇಕೇ ಬೇಕು.

ಯಂತ್ರ ಕೆಲಸಕ್ಕೆ ಇಳಿದಾಗ

ಕಾಗದದ ಮೇಲಿನ ಈ ಎರಡು ವೃತ್ತಗಳಿಗೆ ದೇಹವನ್ನು ಕೊಡುವ ಮಂಡಲ ಬಹಳ ಹಿಂದೆಯೇ ಸಿದ್ಧವಾಗಿತ್ತು. 1918ರಲ್ಲಿ ಇಂಗ್ಲೆಂಡಿನ ವಿಲಿಯಂ ಎಕ್ಲಿಸ್ ಮತ್ತು ಎಫ್. ಡಬ್ಲ್ಯೂ. ಜೋರ್ಡನ್ ಎಂಬವರು ಎರಡು ವಾಲ್ವುಗಳನ್ನು ಒಂದಕ್ಕೊಂದು ಹೆಣೆದು, ಎರಡು ಸ್ಥಿತಿಗಳಲ್ಲಿ ಯಾವುದಾದರೊಂದರಲ್ಲಿ ನೆಲೆನಿಲ್ಲುವ ಮಂಡಲವನ್ನು ರಚಿಸಿದರು. ಒಂದು ವಾಲ್ವಿನಲ್ಲಿ ವಿದ್ಯುತ್ತು ಹರಿಯುವಾಗ ಇನ್ನೊಂದನ್ನು ಅದು ತಡೆದಿಡುತ್ತದೆ. ಇಂದು ವಾಲ್ವುಗಳ ಬದಲು ಟ್ರಾನ್ಸಿಸ್ಟರುಗಳಿರುವ ಇದರ ಸಂತತಿಯನ್ನು ಫ್ಲಿಪ್‌ಫ್ಲಾಪ್ ಎನ್ನುತ್ತಾರೆ. 1 ಬಂದಾಗಲೆಲ್ಲ ಮಗುಚಿಕೊಳ್ಳುವಂತೆ ಜೋಡಿಸಿದ ಒಂದೇ ಒಂದು ಫ್ಲಿಪ್‌ಫ್ಲಾಪ್ ನಮ್ಮ ಇಡೀ ಯಂತ್ರವಾಗುತ್ತದೆ.

ಆದರೆ ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ವಿದ್ಯುತ್ತನ್ನು ಹರಿಸಿದೊಡನೆ ಫ್ಲಿಪ್‌ಫ್ಲಾಪ್ ಯಾವ ಸ್ಥಿತಿಯಲ್ಲಿ ಕಣ್ತೆರೆಯುವುದೋ ಹೇಳಲಾಗದು. ಪ್ರತಿಯೊಂದು ಸಾಲಿಗೆ ಮೊದಲು ಅದನ್ನು 'ಸಮ'ಕ್ಕೆ ತಂದು ನಿಲ್ಲಿಸದಿದ್ದರೆ ಉತ್ತರಗಳೆಲ್ಲ ತಲೆಕೆಳಗಾಗಬಹುದು. ಎರಡನೆಯದಾಗಿ, ಒಂದರ ಹಿಂದೆ ಒಂದಾಗಿ ಎರಡು 1ಗಳು ಬಂದಾಗ ತಂತಿಯ ಮೇಲೆ ವೋಲ್ಟೇಜು ಎತ್ತರದಲ್ಲಿಯೇ ನಿಂತಿರುತ್ತದೆ. ಒಂದು ಅಂಕಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂದು ತಿಳಿಸಲು ಸಮಾನ ಅಂತರದಲ್ಲಿ ಮಿಡಿಯುವ ಗಡಿಯಾರ ಸಂಕೇತವೊಂದು ಬೇಕು. ಕಾಗದದ ಯಂತ್ರಕ್ಕೆ ಈ ತೊಂದರೆಗಳಿಲ್ಲ.

ಈಗ ಒಂದು ನಿಜವಾದ ಕೆಲಸವನ್ನು ನೋಡೋಣ. 1963ರಲ್ಲಿ ಅಮೆರಿಕದಲ್ಲಿ ಮೊದಲು ಗೊತ್ತುಪಡಿಸಿದ ಆಸ್ಕಿ ಸಂಕೇತಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಏಳು ಅಂಕಿಗಳು. ಇಂಗ್ಲಿಷಿನ ದೊಡ್ಡ 'ಸಿ' ಅಕ್ಷರಕ್ಕೆ 1000011. ಇದರಲ್ಲಿ ಮೂರು 1ಗಳಿವೆ, ಅಂದರೆ ಬೆಸ. ಕಳುಹಿಸುವವನು ಕೊನೆಗೆ ಇನ್ನೊಂದು 1ನ್ನು ಸೇರಿಸಿ 10000111 ಎಂದು ಕಳುಹಿಸುತ್ತಾನೆ. ಈಗ 1ಗಳು ನಾಲ್ಕು. ಈ ಎಂಟನೆಯ ಅಂಕಿಯೇ ಪರೀಕ್ಷಾ ಅಂಕಿ. ಪಡೆಯುವ ತುದಿಯಲ್ಲಿ ನಮ್ಮ ಯಂತ್ರ ಕುಳಿತಿದೆ. ಮೊದಲ 1ಕ್ಕೆ ಅದು 'ಬೆಸ'ಕ್ಕೆ ಹೋಗುತ್ತದೆ. ಮುಂದಿನ ನಾಲ್ಕು 0ಗಳಿಗೆ ಕದಲುವುದಿಲ್ಲ. ಕೊನೆಯ ಮೂರು 1ಗಳಿಗೆ 'ಸಮ', 'ಬೆಸ', 'ಸಮ' ಎಂದು ಹೊರಳಿ, 'ಸಮ'ದಲ್ಲಿ ನಿಲ್ಲುತ್ತದೆ. ಅಕ್ಷರ ಅಂಗೀಕೃತವಾಯಿತು.

ದಾರಿಯಲ್ಲಿ ಏನೋ ತೊಡಕಾಗಿ ಮೂರನೆಯ ಅಂಕಿ 0 ಇದ್ದುದು 1 ಆಯಿತೆನ್ನೋಣ. ಬಂದ ಸಾಲು 10100111. ಇದರ ಮೊದಲ ಏಳು ಅಂಕಿಗಳನ್ನು ಹಾಗೆಯೇ ನಂಬಿದರೆ 'ಸಿ'ಯ ಬದಲು 'ಎಸ್' ಎಂದು ಅಚ್ಚಾಗುತ್ತಿತ್ತು. ಆದರೆ ಐದು 1ಗಳನ್ನು ಕಂಡ ಯಂತ್ರ 'ಬೆಸ'ದಲ್ಲಿ ನಿಂತು ಸಾಲನ್ನು ತಿರಸ್ಕರಿಸುತ್ತದೆ. ಪರೀಕ್ಷಾ ಅಂಕಿಯೇ ಕೆಟ್ಟಿದ್ದರೂ ಹೀಗೆಯೇ ಆಗುತ್ತದೆ. ಯಾವ ಒಂದು ಅಂಕಿ ಕೆಟ್ಟರೂ ಯಂತ್ರದ ಕಣ್ಣು ತಪ್ಪಿಸಲಾಗದು.

ಆದರೆ ಮೂರನೆಯದರ ಜೊತೆಗೆ ಐದನೆಯ ಅಂಕಿಯೂ ಕೆಟ್ಟರೆ? ಆಗ ಬಂದ ಸಾಲು 10101111. 1ಗಳು ಆರು, ಯಂತ್ರ 'ಸಮ'ದಲ್ಲಿ ನಿಂತು ನಿಶ್ಚಿಂತೆಯಿಂದ ಅಂಗೀಕರಿಸುತ್ತದೆ. ಓದಿ ನೋಡಿದರೆ ಅದು 'ಡಬ್ಲ್ಯೂ' ಅಕ್ಷರ! ಇದು ರಚನೆಯ ದೋಷವಲ್ಲ. ಮೆಟ್ಟಿಲ ದೀಪದ ಸ್ವಿಚ್ಚನ್ನು ಎರಡು ಬಾರಿ ಒತ್ತಿದರೆ ಏನೂ ಆಗದಂತೆಯೇ ಕಾಣುವುದಲ್ಲವೆ? ಎಣಿಕೆಯನ್ನು ಮರೆತು ಸಮ-ಬೆಸವನ್ನು ಮಾತ್ರ ಉಳಿಸಿಕೊಂಡುದಕ್ಕೆ ನಾವು ತೆತ್ತ ಬೆಲೆ ಇದು.

ಮೂರು ಯಂತ್ರಗಳ ಸಾಕ್ಷ್ಯ

ಇನ್ನೊಂದು ಕೊರತೆಯೂ ಇದೆ. ತಪ್ಪು ಆಗಿದೆ ಎಂದು ಯಂತ್ರ ಹೇಳುತ್ತದೆಯೇ ಹೊರತು ಎಲ್ಲಿ ಎಂದು ಹೇಳಲಾರದು. 1940ರ ದಶಕದ ಕೊನೆಯಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿಗೆ ಇಂತಹ ಕೊರತೆಯೇ ಬೇಸರ ತಂದಿತು. ವಾರಾಂತ್ಯದಲ್ಲಿ ಯಾರೂ ಇಲ್ಲದಾಗ ಅಲ್ಲಿಯ ಗಣಕಯಂತ್ರ ತಪ್ಪನ್ನು ಕಂಡೊಡನೆ ಆ ಲೆಕ್ಕವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ತಪ್ಪನ್ನು ಕಂಡುಹಿಡಿಯಬಲ್ಲ ಯಂತ್ರ ಅದರ ಸ್ಥಾನವನ್ನೇಕೆ ಹೇಳಬಾರದು ಎಂದು ಅವರು ಯೋಚಿಸಿದರು. 1950ರಲ್ಲಿ ಅವರು ಪ್ರಕಟಿಸಿದ ಉಪಾಯದಲ್ಲಿ ಬಳಸಿದುದು ನಮ್ಮ ಸಮ-ಬೆಸದ ಪರೀಕ್ಷೆಯನ್ನೇ. ಆದರೆ ಒಂದನ್ನಲ್ಲ, ಹಲವನ್ನು.

ಏಳು ಅಂಕಿಗಳ ಸಾಲನ್ನು ತೆಗೆದುಕೊಳ್ಳೋಣ. ನಾಲ್ಕು ಸಂದೇಶಕ್ಕೆ, ಮೂರು ಪರೀಕ್ಷೆಗೆ. ಮೊದಲನೆಯ ಯಂತ್ರ 1, 3, 5, 7ನೆಯ ಸ್ಥಾನಗಳನ್ನು ಮಾತ್ರ ನೋಡುತ್ತದೆ. ಎರಡನೆಯದು 2, 3, 6, 7ನ್ನು. ಮೂರನೆಯದು 4, 5, 6, 7ನ್ನು. ಮೂರೂ 'ಸಮ'ದಲ್ಲಿ ನಿಲ್ಲುವಂತೆ ಸಾಲನ್ನು ಕಳುಹಿಸಲಾಗಿದೆ. ಆರನೆಯ ಅಂಕಿ ಕೆಟ್ಟರೆ ಮೊದಲನೆಯ ಯಂತ್ರಕ್ಕೆ ಅದು ಕಾಣುವುದಿಲ್ಲ. ಎರಡನೆಯದೂ ಮೂರನೆಯದೂ ದೂರುತ್ತವೆ. ಮೊದಲ ಯಂತ್ರದ ದೂರಿಗೆ 1, ಎರಡನೆಯದಕ್ಕೆ 2, ಮೂರನೆಯದಕ್ಕೆ 4 ಎಂದು ಬೆಲೆಕಟ್ಟಿ ಕೂಡಿಸಿದರೆ 2 ಮತ್ತು 4 ಸೇರಿ 6! ತಪ್ಪಿನ ಸ್ಥಾನವೇ ಉತ್ತರವಾಗಿ ಬಂದಿತು; ಆ ಅಂಕಿಯನ್ನು ಮಗುಚಿದರೆ ಸಂದೇಶ ಸರಿಯಾಯಿತು. ಯಾವ ಯಂತ್ರವೂ ದೂರದಿದ್ದರೆ ಮೊತ್ತ ಸೊನ್ನೆ, ತಪ್ಪಿಲ್ಲ. ಇಲ್ಲಿಯೂ ಒಂದೇ ಅಂಕಿ ಕೆಟ್ಟಿದೆ ಎಂಬ ನಂಬಿಕೆ ಇದ್ದೇ ಇದೆ. ಎರಡು ಕೆಟ್ಟರೆ ಮೊತ್ತವು ಸರಿಯಾಗಿಯೇ ಇದ್ದ ಬೇರೊಂದು ಅಂಕಿಯ ಮೇಲೆ ತಪ್ಪು ಹೊರಿಸುತ್ತದೆ.

ಮೂರು ಯಂತ್ರಗಳಲ್ಲಿ ಒಂದಕ್ಕಾದರೂ ತಾನು ಕಂಡ 1ಗಳೆಷ್ಟೆಂದು ಗೊತ್ತಿಲ್ಲ. ಒಂದೊಂದೂ ಮೆಟ್ಟಿಲ ದೀಪದಂತೆ ಆರಿದೆಯೋ ಉರಿಯುತ್ತಿದೆಯೋ ಎಂಬುದನ್ನಷ್ಟೇ ಬಲ್ಲುದು. ಹಾಗಿದ್ದರೂ ಆ ಮೂರು ದೀಪಗಳನ್ನು ಒಟ್ಟಿಗೆ ನೋಡಿದವನಿಗೆ ಕೆಟ್ಟ ಅಂಕಿ ಯಾವ ಸ್ಥಾನದಲ್ಲಿದೆಯೆಂದು ತಿಳಿದುಹೋಗುತ್ತದೆ.